ಮುಟ್ಟದೆ ಮೈ ತಿಳಿಯುವುದು ಹೇಗೆ?

ಮೇಜಿನ ಮೇಲೆ ನಾಲ್ಕು ವಸ್ತುಗಳಿವೆ ಎಂದುಕೊಳ್ಳಿ. ಉಜ್ಜಿ ಗೆರೆ ಮೂಡಿಸಿದ ಸ್ಟೀಲ್ ಮುಚ್ಚಳ, ನೀರಿನಲ್ಲಿ ಅದ್ದಿ ತೆಗೆದ ಕಲ್ಲು, ಒಂದು ತುಂಡು ಮಖಮಲ್ಲು, ಒಂದು ತುಂಡು ರಾ ಸಿಲ್ಕ್. ನಾಲ್ಕೂ ಬೂದು ಬಣ್ಣದವು. ಕೋಣೆಯ ಬಾಗಿಲಲ್ಲಿ ನಿಂತವರು ಕೂಡ ಯಾವುದು ಯಾವುದೆಂದು ಕ್ಷಣದಲ್ಲಿ ಹೇಳಿಬಿಡುತ್ತಾರೆ, ಕೈ ಚಾಚಬೇಕಾಗಿಲ್ಲ. ಇವನ್ನೇ ಮಾತಿನಲ್ಲಿ ಕಾಣಿಸಿ ಎಂದರೆ ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯುವುದು ಅವೇ ನಾಲ್ಕೈದು ಪದಗಳು: ನುಣುಪು, ಹೊಳಪು, ಮೃದು, ಒರಟು, ಮಿರಮಿರ. ಸ್ಟೀಲೂ ಹೊಳೆಯುತ್ತದೆ, ಕಲ್ಲೂ ಹೊಳೆಯುತ್ತದೆ, ರೇಷ್ಮೆಯೂ ಹೊಳೆಯುತ್ತದೆ. ಓದುವವರ ಮನಸ್ಸಿನಲ್ಲಿ ಮೂರೂ ಒಂದೇ ಆಗಿ ಕೂರುತ್ತವೆ.

ಕಥೆ ಬರೆಯುವವರಿಗೆ ಮಾತ್ರ ಬರುವ ಕಷ್ಟ ಇದಲ್ಲ. ಫೋನಿನಲ್ಲಿ ಸೀರೆ ಮಾರುವವರು, ಮನೆ ಕಟ್ಟಿಸುವಾಗ ತಮಗೆ ಬೇಕಾದ ನೆಲಹಾಸನ್ನು ಮೇಸ್ತ್ರಿಗೆ ವಿವರಿಸುವವರು, ನಾಟಕದ ರಂಗಸಜ್ಜಿಕೆಗೆ ಥರ್ಮೋಕೋಲನ್ನು ಕಲ್ಲಾಗಿ ಕಾಣಿಸಬೇಕಾದವರು, ಎಲ್ಲರಿಗೂ ಇದು ಎದುರಾಗುತ್ತದೆ. ಇದಕ್ಕೆ ಉತ್ತರ ಹೊಸ ವಿಶೇಷಣಗಳಲ್ಲಿ ಇಲ್ಲ. ನಮ್ಮ ಕಣ್ಣು ಯಾವ ಸುಳಿವು ಹಿಡಿದು ಒಂದು ವಸ್ತುವನ್ನು ಸ್ಟೀಲ್ ಎಂದೋ ಮಖಮಲ್ಲು ಎಂದೋ ತೀರ್ಮಾನಿಸುತ್ತದೋ ಆ ಸುಳಿವನ್ನೇ ಬರೆಯಬೇಕು. ‘ನುಣುಪು’ ಎನ್ನುವುದು ತೀರ್ಮಾನ. ಸುಳಿವು ಇರುವುದು ಬೆಳಕಿನಲ್ಲಿ: ಹೊಳಪು ಎಲ್ಲಿ ಬಿತ್ತು, ಅದರ ಆಕಾರವೇನು, ಅಂಚು ಚೂಪೋ ಕರಗಿದ್ದೋ, ನೋಡುವವರು ಒಂದು ಹೆಜ್ಜೆ ಸರಿದರೆ ಅದೂ ಸರಿಯಿತೇ ಎಂಬುದರಲ್ಲಿ.

ದೃಷ್ಟಿಯನ್ನು ಅಧ್ಯಯನ ಮಾಡುವ ವಿಜ್ಞಾನಿಗಳಲ್ಲೂ ಈ ಬಗ್ಗೆ ಒಂದು ಒಳ್ಳೆಯ ವಾದ ನಡೆದಿದೆ. 2007ರಲ್ಲಿ ಮೊಟೊಯೋಶಿ, ನಿಶಿದಾ, ಶರಣ್, ಅಡೆಲ್ಸನ್ ಎಂಬ ನಾಲ್ವರು ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಚಿತ್ರದ ಹೆಚ್ಚಿನ ಭಾಗ ಮಬ್ಬಾಗಿದ್ದು ಅಲ್ಲಲ್ಲಿ ಕೆಲವೇ ಚುಕ್ಕೆಗಳು ತುಂಬ ಬೆಳ್ಳಗಿದ್ದರೆ ನಮಗೆ ಆ ಮೇಲ್ಮೈ ಹೊಳೆಯುವಂತೆ ಕಾಣುತ್ತದೆ, ಬೆಳಕು-ಕತ್ತಲೆಯ ಈ ಹಂಚಿಕೆಯೇ ಮುಖ್ಯ ಸುಳಿವು ಎಂದರು. ಎರಡು ವರ್ಷದ ನಂತರ ಆಂಡರ್ಸನ್ ಮತ್ತು ಕಿಮ್ ಇದನ್ನು ಒಪ್ಪಲಿಲ್ಲ. ಅದೇ ಬಿಳಿ ಚುಕ್ಕೆಗಳನ್ನು ಚಿತ್ರದಲ್ಲೇ ಬೇರೆ ಜಾಗಕ್ಕೆ ಸರಿಸಿದರೆ ಅಥವಾ ಅವುಗಳ ದಿಕ್ಕು ತಿರುಗಿಸಿದರೆ ಹೊಳಪು ಮಾಯವಾಗುತ್ತದೆ, ಉಳಿಯುವುದು ಸುಣ್ಣ ಸಿಡಿದ ಕಲೆ ಎಂದು ತೋರಿಸಿದರು. ಎಷ್ಟು ಬಿಳಿ ಇದೆ ಎನ್ನುವಷ್ಟೇ ಅದು ಎಲ್ಲಿದೆ, ಉಬ್ಬುತಗ್ಗಿಗೆ ಹೊಂದಿಕೊಂಡಿದೆಯೇ ಎನ್ನುವುದೂ ಕಣ್ಣಿಗೆ ಬೇಕು. ಬರೆಯುವವರಿಗೆ ಈ ಎರಡನೆಯ ಮಾತು ಬಹಳ ಉಪಯೋಗದ್ದು. ‘ಹೊಳೆಯುತ್ತಿತ್ತು’ ಎಂದಷ್ಟೇ ಬರೆದರೆ ಹೊಳಪಿಗೆ ಜಾಗವೇ ಇರುವುದಿಲ್ಲ.

ಒದ್ದೆ ಕಲ್ಲನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಟ್ಟಿಗೆ ನಡೆಯುತ್ತವೆ ಮತ್ತು ನಾವು ಬರೆಯುವಾಗ ಒಂದನ್ನು ಸದಾ ಮರೆಯುತ್ತೇವೆ. ನೀರು ಬಿದ್ದ ಕಲ್ಲು ಹೊಳೆಯುತ್ತದೆ. ಅದು ಎಲ್ಲರಿಗೂ ನೆನಪಿರುತ್ತದೆ. ಆದರೆ ಅದು ಕಪ್ಪಾಗುತ್ತದೆ ಕೂಡ, ಮತ್ತು ಅದರ ಬಣ್ಣ ಗಾಢವಾಗುತ್ತದೆ. ಒಣಗಿದ್ದಾಗ ಬೂದಿ ಬಳಿದಂತಿದ್ದ ಕಲ್ಲಿನಲ್ಲಿ ನೀರು ಬಿದ್ದೊಡನೆ ಕೆಂಪು, ಹಸಿರು, ಕಂದು ಎಳೆಗಳು ಎದ್ದು ಕಾಣುತ್ತವೆ.

ಕಾರಣ ಹೀಗಿದೆ. ಒಣ ಕಲ್ಲಿನ ಮೇಲ್ಮೈ ತುಂಬ ಸಣ್ಣ ಸಣ್ಣ ಕಣಗಳು, ನಡುವೆ ಗಾಳಿ. ಗಾಳಿಯಿಂದ ಕಲ್ಲಿಗೆ ಬೆಳಕು ಹೋಗುವಾಗ ಅದರ ಒಂದು ಪಾಲು ಪ್ರತಿ ಕಣದ ಮೇಲೂ ಬಡಿದು ದಿಕ್ಕಾಪಾಲಾಗಿ ಹಿಂದಿರುಗುತ್ತದೆ. ಹೀಗೆ ಒಳಹೋಗದೆ ತಿರುಗಿಬಂದ ಬೆಳಕಿಗೆ ಕಲ್ಲಿನ ಬಣ್ಣ ಅಂಟಿರುವುದಿಲ್ಲ, ಅದು ಬಿಳಿಯಾಗಿಯೇ ಇರುತ್ತದೆ. ಕಲ್ಲಿನ ನಿಜ ಬಣ್ಣದ ಮೇಲೆ ಈ ಬಿಳಿ ಒಂದು ಪರದೆಯ ಹಾಗೆ ಕೂರುತ್ತದೆ. ನೀರು ಆ ಸಂದುಗಳನ್ನು ತುಂಬಿದಾಗ ಪರಿಸ್ಥಿತಿ ಬದಲಾಗುತ್ತದೆ. ಬೆಳಕನ್ನು ಬಾಗಿಸುವ ಗುಣದಲ್ಲಿ ನೀರಿನದು 1.33, ಸಾಮಾನ್ಯ ಕಲ್ಲಿನ ಖನಿಜಗಳದು 1.5ರ ಆಸುಪಾಸು, ಗಾಳಿಯದು 1. ನೀರಿಗೂ ಕಲ್ಲಿಗೂ ವ್ಯತ್ಯಾಸ ಕಡಿಮೆಯಾದ್ದರಿಂದ ಬೆಳಕು ಅಷ್ಟಾಗಿ ಚೆದುರದೆ ಒಳಕ್ಕೆ ಇಳಿಯುತ್ತದೆ. ಅಲ್ಲಿಂದ ಹೊರಡುವಾಗ ಇನ್ನೊಂದು ತಡೆ. ನೀರಿನ ಪದರದ ಮೇಲ್ಭಾಗಕ್ಕೆ ಓರೆಯಾಗಿ ಬಡಿದ ಬೆಳಕು ಹೊರಬರಲಾರದೆ ಮತ್ತೆ ಕಲ್ಲಿಗೇ ಬೀಳುತ್ತದೆ; ಹೊರಡಲು ಹವಣಿಸಿದ ಬೆಳಕಿನಲ್ಲಿ ಹೆಚ್ಚುಕಡಿಮೆ ಅರ್ಧದ ಗತಿ ಇದು. ಹೀಗೆ ಮತ್ತೆ ಮತ್ತೆ ಬಿದ್ದಾಗಲೆಲ್ಲ ಕಲ್ಲು ಒಂದಿಷ್ಟನ್ನು ನುಂಗುತ್ತದೆ. ನೀರಿನ ಪದರದ ಈ ಆಟವನ್ನು 1925ರಲ್ಲೇ ಸ್ವೀಡನ್ನಿನ ಹವಾಮಾನ ವಿಜ್ಞಾನಿ ಆಂಡರ್ಸ್ ಓಂಗ್‌ಸ್ಟ್ರೋಮ್ ಗುರುತಿಸಿದ್ದರು.

ಇದರಿಂದ ಬರೆಯುವವರಿಗೆ ಒಂದು ಸುಲಭದ ಪರೀಕ್ಷೆ ಸಿಗುತ್ತದೆ. ಕಪ್ಪಾಗಿದೆ ಆದರೆ ಹೊಳಪಿಲ್ಲ ಎಂದರೆ ಅದು ತೇವದ ಕಲ್ಲು, ಮಳೆ ನಿಂತು ಸ್ವಲ್ಪ ಹೊತ್ತಾಗಿದೆ. ಹೊಳಪಿದೆ ಆದರೆ ಕಪ್ಪಾಗಿಲ್ಲ ಎಂದರೆ ಅದು ಪಾಲಿಶ್ ಮಾಡಿದ್ದಿರಬಹುದು. ಎರಡೂ ಇದ್ದಾಗ ಮಾತ್ರ ಕಣ್ಣು ‘ನೀರು’ ಎನ್ನುತ್ತದೆ. ಸವಯಾಮಾ, ಅಡೆಲ್ಸನ್, ನಿಶಿದಾ 2017ರಲ್ಲಿ ಇದನ್ನೇ ಒಣ ವಸ್ತುಗಳ ಚಿತ್ರಗಳ ಮೇಲೆ ಪ್ರಯೋಗಿಸಿದರು. ಬಣ್ಣ ಗಾಢಗೊಳಿಸಿ ಹೊಳಪನ್ನೂ ಹೆಚ್ಚಿಸಿದಾಗ ನೋಡಿದವರಿಗೆ ಒಣ ವಸ್ತು ಒದ್ದೆಯಾಗಿ ಕಂಡಿತು. ಪಾಲಿಶ್ ಮಾಡಿದ ಗ್ರಾನೈಟಿನ ಮೇಲೆ ನೀರು ಚೆಲ್ಲಿದರೆ ಬಣ್ಣ ಅಷ್ಟೇನೂ ಬದಲಾಗುವುದಿಲ್ಲ, ಏಕೆಂದರೆ ಅಲ್ಲಿ ಬೆಳಕು ಚೆದುರಿಸುವ ಒರಟು ಮೊದಲೇ ಇರಲಿಲ್ಲ. ಹಾಗಾಗಿ ‘ನೀರು ಬಿದ್ದು ಕಪ್ಪಾದ ಗ್ರಾನೈಟ್ ಅಡುಗೆಕಟ್ಟೆ’ ಎಂದು ಬರೆದರೆ ಅಡುಗೆಮನೆ ಬಲ್ಲವರು ತಡೆಯುತ್ತಾರೆ. ಶಹಾಬಾದ್ ಕಲ್ಲಿನ ಪಡಸಾಲೆಗೆ ಅದೇ ಮಾತು ಸರಿಹೊಂದುತ್ತದೆ.

ಒಂದು ವಾಕ್ಯ ತಿದ್ದಿ ನೋಡೋಣ. ‘ಮಳೆ ನಿಂತ ಮೇಲೆ ಹಿತ್ತಿಲಿನ ಒಗೆಯುವ ಕಲ್ಲು ಒದ್ದೆಯಾಗಿ ಹೊಳೆಯುತ್ತಿತ್ತು.’ ತಪ್ಪಿಲ್ಲ, ಆದರೆ ಕಲ್ಲೂ ಕಾಣುವುದಿಲ್ಲ. ಮೊದಲು ಬೆಳಕಿಗೆ ದಿಕ್ಕು ಕೊಡಬೇಕು: ಸಂಜೆ, ಪಡುವಣ ಗೋಡೆಯ ಮೇಲಿಂದ ಬರುವ ತಗ್ಗಿನ ಬಿಸಿಲು. ಆಮೇಲೆ ಬಣ್ಣ: ಬೆಳಿಗ್ಗೆ ಬೂದಿ ಬಣ್ಣಕ್ಕಿದ್ದ ಕಲ್ಲು ಈಗ ಕಡು ನೀಲಿಗಪ್ಪು. ಆಮೇಲೆ ಹೊಳಪಿನ ಜಾಗ. ಮೇಲಿನಿಂದ ನೇರವಾಗಿ ನೋಡಿದರೆ ನೀರು ಬೆಳಕಿನ ನೂರರಲ್ಲಿ ಎರಡು ಪಾಲನ್ನಷ್ಟೇ ಹಿಂದಿರುಗಿಸುತ್ತದೆ, ಆದರೆ ತೀರ ಓರೆಯಿಂದ ನೋಡಿದರೆ ಬಹುತೇಕ ಪೂರ್ತಿ ಹಿಂದಿರುಗಿಸುತ್ತದೆ. ಆದ್ದರಿಂದ ಕಲ್ಲಿನ ಹತ್ತಿರದ ಅಂಚಿನಲ್ಲಿ ಕಾಣುವುದು ಕಲ್ಲು, ದೂರದ ಅಂಚಿನಲ್ಲಿ ಕಾಣುವುದು ಆಕಾಶ. ಕೊನೆಗೆ ಒರಟು: ಉಳಿಯ ಏಟಿನ ಗುಳಿಗಳಲ್ಲಿ ನೀರು ನಿಂತಿದೆ, ಉಬ್ಬಿದ ಕಡೆ ಆಗಲೇ ಒಣಗಲು ಶುರುವಾಗಿದೆ. ಈಗ ಬರೆದರೆ ಹೀಗೆ ಬರಬಹುದು: ‘ಬೆಳಿಗ್ಗೆ ಬೂದಿಯಂತಿದ್ದ ಒಗೆಯುವ ಕಲ್ಲು ಮಳೆಗೆ ನೀಲಿಗಪ್ಪಾಗಿತ್ತು. ಆಚೆ ಅಂಚಿನಲ್ಲಿ ಸಂಜೆಯ ಆಕಾಶ ಬೆಳ್ಳಗೆ ಬಿದ್ದಿತ್ತು. ಈಚೆ, ಉಳಿಯ ಗುಳಿಗುಳಿಯಲ್ಲೂ ಒಂದೊಂದು ಬಿಸಿಲ ಚೂರು. ಉಬ್ಬುಗಳು ಮಾತ್ರ ಆಗಲೇ ಮಾಸಲು ಬಣ್ಣಕ್ಕೆ ತಿರುಗುತ್ತಿದ್ದವು.’ ಇದರಲ್ಲಿ ನುಣುಪು, ಒರಟು, ಹೊಳಪು ಎಂಬ ಒಂದು ಪದವೂ ಇಲ್ಲ. ಅಂಗೈ ಇಟ್ಟರೆ ಹೇಗಿರುತ್ತದೆ ಎಂಬುದು ಓದಿದವರಿಗೆ ಗೊತ್ತಾಗುತ್ತದೆ.

ಸ್ಟೀಲಿನ ಕಥೆ ಬೇರೆ. ಹೋಟೆಲಿನ ಅಡುಗೆಕಟ್ಟೆ, ಲಿಫ್ಟಿನ ಬಾಗಿಲು, ಫ್ರಿಜ್‌ನ ಮುಖ ಇವುಗಳಲ್ಲಿ ಕಾಣುವ ಮಬ್ಬು ಸ್ಟೀಲನ್ನು ಉಜ್ಜುಪಟ್ಟಿಯಿಂದ ಒಂದೇ ದಿಕ್ಕಿನಲ್ಲಿ ತೀಡಿರುತ್ತಾರೆ. ಮೇಲ್ಮೈ ತುಂಬ ಕೂದಲೆಳೆಯ ಗೆರೆಗಳು, ಎಲ್ಲವೂ ಸಮಾನಾಂತರ. ಗೆರೆಯ ಉದ್ದಕ್ಕೆ ಲೋಹ ಸಪಾಟಾಗಿರುತ್ತದೆ, ಗೆರೆಗೆ ಅಡ್ಡಲಾಗಿ ಏರಿಳಿತ ಇರುತ್ತದೆ. ಹಾಗಾಗಿ ಬೆಳಕು ಗೆರೆಗೆ ಅಡ್ಡಲಾಗಿ ಹರಡಿಕೊಳ್ಳುತ್ತದೆ. ಲಿಫ್ಟಿನ ಬಾಗಿಲಿನಲ್ಲಿ ಗೆರೆಗಳು ಮೇಲಿಂದ ಕೆಳಕ್ಕೆ ಇದ್ದರೆ ದೀಪದ ಬಿಂಬ ಎಡಬಲಕ್ಕೆ ಎಳೆದ ಪಟ್ಟಿಯಾಗುತ್ತದೆ. ಮುಂದೆ ನಿಂತವರ ಕೆಂಪು ಸೀರೆ ಅಲ್ಲಿ ಅಡ್ಡಕ್ಕೆ ಹರಡಿದ ಕೆಂಪು ಮಬ್ಬು. ಭುಜದ ಎಡಬಲದ ಗಡಿ ಕರಗಿಹೋಗಿರುತ್ತದೆ, ಸೀರೆ ಎಷ್ಟು ಎತ್ತರಕ್ಕೆ ಮುಗಿಯಿತು ಎಂಬುದು ಮಾತ್ರ ತಕ್ಕಮಟ್ಟಿಗೆ ತಿಳಿಯುತ್ತದೆ. ಹೊಳಪಿನ ಪಟ್ಟಿಯನ್ನು ಗೆರೆಯ ದಿಕ್ಕಿಗೇ ಎಳೆದು ಚಿತ್ರ ಬರೆದರೆ ಅದು ಸ್ಟೀಲಾಗದೆ ಬೂದು ಬಣ್ಣದ ಮರದ ಹಲಗೆಯಂತೆ ಕಾಣುತ್ತದೆ. ಈ ತಪ್ಪು ಅಂಗಡಿಗಳ ಬೋರ್ಡಿನಲ್ಲಿ ಬೇಕಾದಷ್ಟು ಕಡೆ ಇದೆ.

ಪಾತ್ರೆಯ ಮುಚ್ಚಳದ ಮೇಲೆ ಗೆರೆಗಳು ವೃತ್ತಾಕಾರವಾಗಿ ಇರುತ್ತವೆ. ಅಲ್ಲಿ ಹೊಳಪು ನಡುವಿನಿಂದ ಅಂಚಿಗೆ ಎದುರುಬದುರಾಗಿ ಚಾಚಿದ ಎರಡು ಬೀಸಣಿಗೆಗಳ ರೂಪ ಪಡೆಯುತ್ತದೆ. ಮುಚ್ಚಳವನ್ನು ಜಾಗದಲ್ಲೇ ಗರಗರ ತಿರುಗಿಸಿ ನೋಡಿ: ಮುಚ್ಚಳ ತಿರುಗುತ್ತದೆ, ಬೀಸಣಿಗೆಗಳು ತಿರುಗುವುದಿಲ್ಲ. ಗೆರೆಗಳು ಸುತ್ತಲೂ ಒಂದೇ ಸಮ ಇರುವುದರಿಂದ ಎಷ್ಟು ತಿರುಗಿಸಿದರೂ ಬೆಳಕಿಗೆ ಏನೂ ಬದಲಾಗಿರುವುದಿಲ್ಲ. ನೀವು ತಲೆ ಓರೆ ಮಾಡಿದರೆ ಮಾತ್ರ ಅವು ಹೊರಳುತ್ತವೆ. ಒಂದು ಪಾತ್ರ ಅಡುಗೆಮನೆಯಲ್ಲಿ ಸುಮ್ಮನೆ ಮುಚ್ಚಳ ತಿರುಗಿಸುತ್ತ ಯೋಚನೆಯಲ್ಲಿ ಮುಳುಗಿದೆ ಎಂದು ಬರೆಯುವವರಿಗೆ ಇಷ್ಟು ಸಾಕು, ಲೋಹದ ಬಗ್ಗೆ ಬೇರೆ ಮಾತು ಬೇಡ.

ಲೋಹಕ್ಕೆ ಇನ್ನೊಂದು ಗುರುತಿದೆ. ನೀರು, ಗಾಜು, ಪ್ಲಾಸ್ಟಿಕ್ ಇವುಗಳ ಮೇಲೆ ಬೀಳುವ ಹೊಳಪಿಗೆ ದೀಪದ ಬಣ್ಣ ಇರುತ್ತದೆ. ಹಿತ್ತಾಳೆ, ತಾಮ್ರದಂಥ ಲೋಹಗಳಲ್ಲಿ ಹೊಳಪಿಗೇ ಲೋಹದ ಬಣ್ಣ ಬರುತ್ತದೆ. ಹಳದಿ ಪ್ಲಾಸ್ಟಿಕ್ ಚೊಂಬಿನ ಮೇಲೆ ಬಿಳಿ ಚುಕ್ಕೆ, ಹಿತ್ತಾಳೆಯ ಚೊಂಬಿನ ಮೇಲೆ ಹೊಂಬಣ್ಣದ ಚುಕ್ಕೆ. ಇಷ್ಟು ವ್ಯತ್ಯಾಸದಿಂದಲೇ ಕಣ್ಣು ಎರಡನ್ನೂ ಬೇರ್ಪಡಿಸುತ್ತದೆ. ಲೋಹ ಸುತ್ತಲಿನ ಲೋಕವನ್ನು ಎರವಲು ಪಡೆದೇ ಕಾಣಿಸಿಕೊಳ್ಳುವುದರಿಂದ ಅದರ ವರ್ಣನೆಯಲ್ಲಿ ಎದುರಿಗೇನಿದೆ ಎಂದು ಹೇಳಲೇಬೇಕು. ಕತ್ತಲೆ ಕೋಣೆಯಲ್ಲಿ ಒಂದೇ ಕಿಟಕಿ ಇದ್ದರೆ ಸ್ಟೀಲ್ ಕಟ್ಟೆಯ ಹೆಚ್ಚಿನ ಭಾಗ ಕಪ್ಪು, ಒಂದು ಪಟ್ಟಿ ಮಾತ್ರ ಬಿಳಿ.

ಮಖಮಲ್ಲು ಇದಕ್ಕೆ ಪೂರ್ತಿ ಉಲ್ಟಾ. ಅದರ ಮೇಲೆ ಗಿಡ್ಡ ಎಳೆಗಳು ಒತ್ತೊತ್ತಾಗಿ ನಿಂತಿರುತ್ತವೆ. ಎದುರಿನಿಂದ ನೋಡಿದಾಗ ಬೆಳಕು ಎಳೆಗಳ ನಡುವೆ ಇಳಿದು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬಟ್ಟೆ ಬಾವಿಯಷ್ಟು ಕಪ್ಪಾಗಿ ಕಾಣುತ್ತದೆ. ಮಡಿಕೆ ಹೊರಳಿ ನಮ್ಮಿಂದ ಆಚೆ ತಿರುಗುವ ಅಂಚಿನಲ್ಲಿ ಎಳೆಗಳ ಪಕ್ಕಗಳು ಸಾಲಾಗಿ ಎದುರಾಗುವುದರಿಂದ ಅಲ್ಲಿ ಬೆಳಕು. ಸ್ಯಾಟಿನ್ ಬಟ್ಟೆಯ ಮಡಿಕೆಯಲ್ಲಿ ಉಬ್ಬಿದ ನಡುವೆ ಹೊಳಪು ಇರುತ್ತದೆ, ಮಖಮಲ್ಲಿನ ಮಡಿಕೆಯಲ್ಲಿ ನಡು ಕತ್ತಲೆ, ಅಂಚು ಬೆಳಕು. ಚಿತ್ರಕಾರರು ಇದನ್ನು ಬಹಳ ಹಿಂದಿನಿಂದ ಬಲ್ಲರು. ನಡುವಿಗೆ ಕಡು ಬಣ್ಣ ತುಂಬಿ ಅಂಚಿಗೆ ತೆಳುವಾಗಿ ತಿಳಿ ಬಣ್ಣ ಸವರಿದರೆ ಸಾಕು. ಕೆನ್ನೆಯ ನವಿರು ಕೂದಲಿನ ಮೇಲೂ ಇದೇ ನಡೆಯುತ್ತದೆ. 2003ರಲ್ಲಿ ಕೊಂಡೆರಿಂಕ್ ಮತ್ತು ಪಾಂಟ್ ಎಂಬಿಬ್ಬರು ಮನುಷ್ಯರ ಚರ್ಮದ ಮಖಮಲ್ಲಿನಂಥ ಮೃದುತನವನ್ನು ಹೀಗೆಯೇ ವಿವರಿಸಿದರು.

ಮಖಮಲ್ಲಿನ ಎಳೆಗಳು ನೆಟ್ಟಗೆ ನಿಲ್ಲದೆ ಒಂದು ಕಡೆಗೆ ಸ್ವಲ್ಪ ವಾಲಿರುತ್ತವೆ. ಕೈಯಾಡಿಸಿದ ದಿಕ್ಕಿಗೆ ಅದು ತಿಳಿಯಾಗುತ್ತದೆ, ವಿರುದ್ಧ ಉಜ್ಜಿದರೆ ಕಪ್ಪೇರುತ್ತದೆ. ಬೆರಳಿನ ಗುರುತು ಬಹಳ ಹೊತ್ತು ಉಳಿಯುತ್ತದೆ. ಮಖಮಲ್ಲಿನ ರವಿಕೆ ಹೊಲಿಯುವಾಗ ಒಂದು ತೋಳನ್ನು ತಲೆಕೆಳಗಾಗಿ ಕತ್ತರಿಸಿದರೆ ಅದು ಬೇರೆಯೇ ಬಣ್ಣದ ಬಟ್ಟೆಯಂತೆ ಕಾಣುವುದು ಇದರಿಂದಲೇ. ಒಳ್ಳೆಯ ದರ್ಜಿಗಳು ಕತ್ತರಿ ಹಾಕುವ ಮೊದಲು ಅಂಗೈಯಿಂದ ಸವರಿ ದಿಕ್ಕು ನೋಡುತ್ತಾರೆ.

ರಾ ಸಿಲ್ಕಿಗೆ ಬಂದಾಗ ನಾವು ಕರ್ನಾಟಕದವರು ಸ್ವಲ್ಪ ಹೆಚ್ಚು ತಿಳಿದಿರಬೇಕು, ಏಕೆಂದರೆ ಅದರ ಒರಟಿನ ಮೂಲ ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಯಂಥ ಜಾಗಗಳಲ್ಲೇ ಇದೆ. ಹುಳು ಹೊರಹಾಕುವ ಎಳೆಗೆ ಸುತ್ತಲೂ ಸೆರಿಸಿನ್ ಎಂಬ ಅಂಟು ಇರುತ್ತದೆ, ತೂಕದಲ್ಲಿ ಸುಮಾರು ನಾಲ್ಕನೇ ಒಂದು ಭಾಗ. ಸೋಪು ಹಾಕಿ ಬಿಸಿನೀರಿನಲ್ಲಿ ಬೇಯಿಸಿ ಈ ಅಂಟು ತೆಗೆದರೆ ಒಳಗಿನ ಎಳೆ ಹೊರಬರುತ್ತದೆ. ಅದರ ಅಡ್ಡಕೊಯ್ತ ಮೂಲೆ ಸವೆದ ತ್ರಿಕೋನದ ಹಾಗಿದ್ದು, ಅದರ ಸಪಾಟು ಮುಖಗಳಿಂದಲೇ ರೇಷ್ಮೆಗೆ ಅದರ ಹೊಳಪು. ಅಂಟು ಉಳಿಸಿಕೊಂಡದ್ದು ನಿಜವಾದ ಕಚ್ಚಾ ರೇಷ್ಮೆ. ಅದಕ್ಕೆ ಬಿಗಿ ಹೆಚ್ಚು, ಹೊಳಪು ಕಡಿಮೆ.

ಅಂಗಡಿಯಲ್ಲಿ ರಾ ಸಿಲ್ಕ್ ಎಂದು ಕೊಡುವುದು ಹೆಚ್ಚಾಗಿ ಗಂಟುಗಂಟಾದ ನೂಲಿನ ಬಟ್ಟೆ. ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿದಾಗ ಎಳೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಇಂಥ ಜೋಡಿಗೂಡನ್ನು ನೂಲು ಬಿಚ್ಚುವವರು ಬೇರೆ ತೆಗೆದಿಡುತ್ತಾರೆ, ಏಕೆಂದರೆ ಎಳೆ ಸಮನಾಗಿ ಬರುವುದಿಲ್ಲ, ಅಲ್ಲಲ್ಲಿ ದಪ್ಪವಾಗುತ್ತದೆ. ಆ ನೂಲೇ ಡುಪಿಯನ್. ಸಾಮಾನ್ಯವಾಗಿ ಹಾಸಿಗೆ ನಯವಾದ ನೂಲು, ಹೊಕ್ಕಿಗೆ ಈ ದಪ್ಪ ನೂಲು ಹಾಕುತ್ತಾರೆ. ಹಾಗಾಗಿ ದಪ್ಪ ಗೆರೆಗಳು ಬಟ್ಟೆಯ ಅಗಲಕ್ಕೆ ಓಡುತ್ತವೆ. ಒಂದು ಗೆರೆ ಬೆರಳುದ್ದ, ಇನ್ನೊಂದು ಗೇಣುದ್ದ, ಎಲ್ಲಿ ಶುರು ಎಲ್ಲಿ ಕೊನೆ ಎಂಬುದಕ್ಕೆ ಲೆಕ್ಕವಿಲ್ಲ. ವರ್ಣಿಸುವಾಗ ಈ ಅನಿಯಮವೇ ಮುಖ್ಯ. ಗೆರೆಗಳನ್ನು ಒಂದೇ ಅಂತರದಲ್ಲಿ ಇಟ್ಟರೆ ಕಣ್ಣು ಅದನ್ನು ಮುದ್ರಿಸಿದ ಪಾಲಿಸ್ಟರ್ ಎಂದು ಓದುತ್ತದೆ.

ಹೊಳಪು ಇಲ್ಲಿ ತುಂಡುತುಂಡು. ನಯವಾದ ರೇಷ್ಮೆಯ ಮಡಿಕೆಯ ಮೇಲೆ ಬೆಳಕು ಒಂದೇ ಎಳೆಯಾಗಿ ಹರಿದರೆ, ರಾ ಸಿಲ್ಕಿನ ಮಡಿಕೆಯ ಮೇಲೆ ಪ್ರತಿ ಗಂಟಿನ ಬಳಿ ತಡೆದು ಮುರಿಯುತ್ತದೆ. ಮಡಿಕೆಗಳೂ ದುಂಡಗೆ ಬೀಳುವುದಿಲ್ಲ. ಬಟ್ಟೆ ಬಿಗಿಯಾದ್ದರಿಂದ ಕೋನಕೋನವಾಗಿ, ಕಾಗದ ಮಡಿಸಿದ ಹಾಗೆ ನಿಲ್ಲುತ್ತವೆ. ಹುರಿಗೊಳಿಸಿದ ನೂಲಿನಿಂದ ನೇಯ್ದು ಅಂಟು ತೆಗೆದ ಮೈಸೂರು ಸಿಲ್ಕ್ ಕ್ರೇಪ್ ಸೀರೆ ಮೈಗೆ ಹರಿದುಕೊಂಡು ಬೀಳುತ್ತದೆ. ರಾ ಸಿಲ್ಕ್ ಸೀರೆ ಮೈಯಿಂದ ತುಸು ದೂರ ನಿಲ್ಲುತ್ತದೆ, ಉಟ್ಟವರು ಕೂತು ಏಳುವಾಗ ಸರಸರ ಸದ್ದು ಮಾಡುತ್ತದೆ. ಇವೆರಡರಲ್ಲಿ ಯಾವುದೆಂದು ಹೇಳಲು ಬಟ್ಟೆಯ ಹೆಸರೇ ಬೇಡ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಒಂದು ಬಣ್ಣ ಹಾಕಿದ್ದರೆ ಇನ್ನೊಂದು ಸುಳಿವು ಸಿಗುತ್ತದೆ: ಕೆಂಪು ಹಾಸು, ಹಸಿರು ಹೊಕ್ಕಿನ ಸೆರಗು ಭುಜದ ಮೇಲೆ ಕೆಂಪಾಗಿಯೂ ಮೊಣಕೈ ಬಾಗಿದ ಕಡೆ ಹಸಿರಾಗಿಯೂ ಕಾಣುತ್ತದೆ, ತೋಳು ಎತ್ತಿದರೆ ಬಣ್ಣಗಳು ಜಾಗ ಬದಲಿಸುತ್ತವೆ.

ಈ ಎಲ್ಲವೂ ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ಪಕ್ಕದಿಂದ ಬಂದ ಬೆಳಕಿಗೆ ಪ್ರತಿ ಗಂಟೂ ತನ್ನ ಹಿಂದೆ ಒಂದು ನೆರಳು ಬಿಡುತ್ತದೆ, ಉಳಿಯ ಪ್ರತಿ ಗುಳಿಯೂ ಅರ್ಧ ಕತ್ತಲೆ ಹಿಡಿಯುತ್ತದೆ. ಎದುರಿನಿಂದ ಫ್ಲಾಶ್ ಹೊಡೆದರೆ ನೆರಳುಗಳು ವಸ್ತುವಿನ ಹಿಂದೆ ಅಡಗುತ್ತವೆ, ಸೀರೆ ಬಣ್ಣ ಬಳಿದ ಹಲಗೆಯಾಗುತ್ತದೆ. ಬರವಣಿಗೆಯಲ್ಲೂ ಹೀಗೆಯೇ. ನಡು ಮಧ್ಯಾಹ್ನದ ಮೋಡ ಕವಿದ ಬಯಲಿನಲ್ಲಿ ಮಖಮಲ್ಲನ್ನು ಇಟ್ಟು ಅದರ ಅಂಚಿನ ಬೆಳಕನ್ನು ವರ್ಣಿಸಲು ಹೊರಟರೆ ಮಾತು ಸೋಲುತ್ತದೆ, ಏಕೆಂದರೆ ಅಲ್ಲಿ ಬೆಳಕು ಎಲ್ಲ ಕಡೆಯಿಂದಲೂ ಬರುತ್ತಿದೆ.

ಒಂದು ದೃಶ್ಯದಲ್ಲಿ ಇಷ್ಟು ವಿವರ ಒಂದೇ ವಸ್ತುವಿಗೆ ಸಲ್ಲಬೇಕು, ಹೆಚ್ಚೆಂದರೆ ಎರಡಕ್ಕೆ. ಕುರ್ಚಿ, ಪರದೆ, ಲೋಟ, ಗೋಡೆ ಎಲ್ಲಕ್ಕೂ ಮೈ ತುಂಬಿಸಲು ಹೊರಟರೆ ಯಾವುದೂ ಎದ್ದು ನಿಲ್ಲುವುದಿಲ್ಲ. ಕಥೆಯಲ್ಲಿ ಯಾರ ಕೈ ಯಾವುದನ್ನು ಮುಟ್ಟಲಿದೆಯೋ ಅದಕ್ಕೆ ಈ ಆರೈಕೆ ಕೊಡಿ. ಸೀರೆಯ ಫೋಟೊ ಕಳಿಸುವವರು ಫ್ಲಾಶ್ ಆರಿಸಿ, ಬೆಳಿಗ್ಗೆ ಕಿಟಕಿಯ ಪಕ್ಕ ಬಟ್ಟೆಯನ್ನು ಒಂದು ಮಡಿಕೆ ಮಾಡಿ ಇಟ್ಟು, ಬೆಳಕು ಗೆರೆಗಳಿಗೆ ಅಡ್ಡಲಾಗಿ ಹಾಯುವಂತೆ ತಿರುಗಿಸಿ ತೆಗೆಯಿರಿ. ಗಿರಾಕಿ ‘ಬಟ್ಟೆ ಹೇಗಿದೆ’ ಎಂದು ಮತ್ತೆ ಕೇಳುವ ಅಗತ್ಯ ಬಹುಪಾಲು ಬರುವುದಿಲ್ಲ.